ಬೈಂಡಿಂಗ್ ಅಕ್ಕನ 6 ವರ್ಷ ಎಲ್ಲಿ ಹೋಯಿತು? ನಮ್ಮ ಪ್ರೆಸ್ಸಿನ ಮಾಲೀಕರಿಗೆ ಒಂದು ಬಹಿರಂಗ ಪತ್ರ

ಕಾಸರಗೋಡು
31 ಜುಲೈ 2025

ಮಾನ್ಯ ಸಣ್ಣ ಧಣಿಗಳಿಗೆ,

ನಮಸ್ಕಾರಗಳು.

ನಾನು ನಿಮ್ಮ ತಂದೆಯವರ ಕಾಲದಿಂದ ಪ್ರೆಸ್ಸಿನಲ್ಲಿ ಲೆಕ್ಕ, ಹಾಜರಿ ಬರೆಯುವ ರೈಟರ್ ಆಗಿದ್ದವನು. 2019ರಲ್ಲಿ ನಿವೃತ್ತಿಯಾದೆ. ನನ್ನ ಲೆಕ್ಕ ನಿಮ್ಮ ತಂದೆಯವರೇ ಚುಕ್ತಾ ಮಾಡಿದರು. ನನಗೆ ನಿಮ್ಮಿಂದ ಒಂದು ರೂಪಾಯಿಯೂ ಬರಬೇಕಾಗಿಲ್ಲ. ಈ ಪತ್ರ ಬೈಂಡಿಂಗ್ ಅಕ್ಕನ ಪರವಾಗಿ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಬೇಡ ಅಂದರು, ಹಾಗಾಗಿ ಪ್ರೆಸ್ಸಿನಲ್ಲಿ ಎಲ್ಲರೂ ಕರೆಯುತ್ತಿದ್ದ ಹಾಗೆ ಬೈಂಡಿಂಗ್ ಅಕ್ಕ ಎಂದೇ ಬರೆಯುತ್ತೇನೆ. ನಿಮ್ಮ ಹೆಸರನ್ನಾಗಲಿ ಪ್ರೆಸ್ಸಿನ ಹೆಸರನ್ನಾಗಲಿ ಹಾಕುವುದಿಲ್ಲ.

ಎರಡು ಸಲ ನಿಮ್ಮ ಕಚೇರಿಗೆ ಬಂದು ಮಾತಾಡಿದೆ. ಮೊದಲ ಸಲ "ಲೆಕ್ಕ ಕಂಪ್ಯೂಟರ್ ಮಾಡಿದ್ದು ರೈಟರೇ, ತಪ್ಪುವುದಿಲ್ಲ" ಅಂದಿರಿ. ಎರಡನೇ ಸಲ "ಅವರು ಸೈನ್ ಹಾಕಿ ಆಯಿತಲ್ಲ" ಅಂದಿರಿ. ಮೂರನೇ ಸಲ ಬರುವ ಬದಲು ಬರೆದುಬಿಡೋಣ ಅನಿಸಿತು. ಇದೇ ತರಹದ ಲೆಕ್ಕ ಗಡಿನಾಡಿನ ಬೇರೆ ಪ್ರೆಸ್ಸು, ಕಾರ್ಖಾನೆಗಳಲ್ಲೂ ನಡೆಯುತ್ತಿರಬಹುದು. ಅವರೂ ಓದಲಿ.

ಅಕ್ಕ 31 ಜನವರಿ 2025ರಂದು 58 ತುಂಬಿ ನಿವೃತ್ತರಾದರು. ಫೆಬ್ರವರಿಯಲ್ಲಿ ನೀವು ಅವರಿಗೆ ಒಂದು ಚೆಕ್ಕು ಮತ್ತು ಒಂದು ಹಾಳೆ ಕೊಟ್ಟಿರಿ. ಹಾಳೆ ಮಲಯಾಳದಲ್ಲಿತ್ತು. ಅಕ್ಕ ಏಳನೇ ತರಗತಿವರೆಗೆ ಕನ್ನಡ ಶಾಲೆಯಲ್ಲಿ ಓದಿದವರು. ಮನೆಯಲ್ಲಿ ತುಳು. ಮಲಯಾಳ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಕನ್ನಡದಲ್ಲಿ ಬ್ರಹ್ಮಕಲಶೋತ್ಸವದ ಆಮಂತ್ರಣ, ಯಕ್ಷಗಾನದ ಕರಪತ್ರ, ಮದುವೆ ಕಾಗದ ಅಚ್ಚು ಹಾಕಿಯೇ ಬೆಳೆದ ಪ್ರೆಸ್ಸು ನಮ್ಮದು. ಅಲ್ಲಿ ಇಷ್ಟು ವರ್ಷ ಆ ಕಾಗದಗಳನ್ನೇ ಮಡಚಿದ ಹೆಂಗಸಿಗೆ, ಅವರ ಸ್ವಂತ ಲೆಕ್ಕದ ಹಾಳೆ ಮಾತ್ರ ಓದಲು ಬಾರದ ಲಿಪಿಯಲ್ಲಿ ಸಿಕ್ಕಿತು. ಅದು ಮೋಸ ಮಾಡಲೆಂದೇ ಆಯಿತು ಎಂದು ನಾನು ಹೇಳುವುದಿಲ್ಲ. ಆಡಿಟರ್ ಕಳಿಸಿದ್ದನ್ನು ಹಾಗೇ ಪ್ರಿಂಟ್ ತೆಗೆದಿರಬಹುದು. ಆದರೆ ಕೊನೆಯ ಸಾಲಿನಲ್ಲಿ "ಇನ್ನು ಯಾವ ಬಾಕಿಯೂ ಇಲ್ಲ" ಎಂದು ಇತ್ತು. ಅದರ ಕೆಳಗೆ ಅವರ ಸೈನ್ ಇದೆ.

ಆ ಹಾಳೆಯನ್ನು ನನ್ನ ಮಗಳಿಂದ ಓದಿಸಿದೆ. ಸೇರಿದ ದಿನ 1 ಏಪ್ರಿಲ್ 2004. ಸೇವೆ 20 ವರ್ಷ. ಕೊನೆಯ ಸಂಬಳ 14,300. ಗ್ರಾಚ್ಯುಟಿ, ಅಂದರೆ ಸೇವೆಯ ವರ್ಷ ಎಣಿಸಿ ಕೊಡುವ ನಿವೃತ್ತಿ ಹಣ, 1,43,000. ಉಳಿದ ರಜೆ 30 ದಿನಕ್ಕೆ 14,300. ಒಟ್ಟು 1,57,300 ರೂಪಾಯಿ.

ಮೊದಲ ಸಾಲಿನಿಂದಲೇ ಶುರು ಮಾಡುತ್ತೇನೆ. ಯಾಕೆಂದರೆ ಆ ತಪ್ಪು ನಿಮ್ಮದಲ್ಲ, ನನ್ನದು.

ಅಕ್ಕ ಕೆಲಸಕ್ಕೆ ಸೇರಿದ್ದು 1 ಜೂನ್ 1998. ಸೋಮವಾರ. ಶಾಲೆ ಶುರುವಾಗುವ ಸಮಯ, ನೋಟ್ ಪುಸ್ತಕದ ಬೈಂಡಿಂಗಿಗೆ ಜನ ಸಾಲದೆ ನಿಮ್ಮ ತಂದೆಯವರು ಮೂವರು ಹೆಂಗಸರನ್ನು ದಿನಗೂಲಿಗೆ ಕರೆಸಿದರು. ಉಳಿದ ಇಬ್ಬರು ಒಂದೆರಡು ವರ್ಷದಲ್ಲಿ ಬಿಟ್ಟರು. ಅಕ್ಕ ಉಳಿದರು. 2004ರ ಏಪ್ರಿಲಿನಲ್ಲಿ ದೊಡ್ಡ ಧಣಿಗಳು ಐದು ಜನರನ್ನು ಒಟ್ಟಿಗೆ "ಖಾಯಂ" ಮಾಡಿದರು. ಹೊಸ ರಿಜಿಸ್ಟರ್ ತೆರೆಯಲು ನನಗೆ ಹೇಳಿದರು. ಗ್ರಾಚ್ಯುಟಿಗೆ ನಾಮಿನಿ ಬರೆಯುವ ಎಫ್ ಫಾರ್ಮಿನಲ್ಲಿ "ನೇಮಕವಾದ ದಿನಾಂಕ" ಅಂತ ಒಂದು ಸಾಲು ಇರುತ್ತದೆ. ಅಲ್ಲಿ ಐದೂ ಜನರಿಗೆ 1-4-2004 ಎಂದು ಬರೆದದ್ದು ನಾನೇ. ಹಳೆಯ ದಿನಾಂಕ ಬರೆಯಬೇಕಲ್ಲವೇ ಎಂದು ಕೇಳಿದ್ದೆ. "ಖಾಯಂ ಆದ ದಿನ ಸಾಕು ಮಾರಾಯ" ಅಂದರು. ನಾನು ಸುಮ್ನೆ ಬರೆದೆ. ಆಗ ನನಗೆ ಕಾನೂನು ಅಷ್ಟು ಗೊತ್ತಿರಲಿಲ್ಲ ಎಂದು ಹೇಳಬಹುದು. ಪೂರ್ತಿ ನಿಜ ಅಲ್ಲ. ಸ್ವಲ್ಪ ಗೊತ್ತಿತ್ತು.

ಅಕ್ಕ ನಿವೃತ್ತರಾದಾಗ ಜಾರಿಯಲ್ಲಿದ್ದ 1972ರ ಗ್ರಾಚ್ಯುಟಿ ಪಾವತಿ ಕಾಯ್ದೆ ಖಾಯಂ ಆದ ದಿನವನ್ನು ನೋಡುವುದೇ ಇಲ್ಲ. ನೋಡುವುದು ಬಿಡದೆ ಮಾಡಿದ ಸೇವೆಯನ್ನು. ದಿನಗೂಲಿ, ತಾತ್ಕಾಲಿಕ, ಖಾಯಂ ಎಂಬ ಹೆಸರುಗಳಿಗೆ ಅಲ್ಲಿ ಬೆಲೆ ಇಲ್ಲ. ಕಾಯಿಲೆ, ರಜೆ, ಕೆಲಸವಿಲ್ಲವೆಂದು ಸ್ವಲ್ಪ ದಿನ ಮನೆಗೆ ಕಳಿಸುವ ಲೇ ಆಫ್, ಕೆಲಸಗಾರರ ತಪ್ಪಿಲ್ಲದೆ ಕೆಲಸ ನಿಂತದ್ದು, ಇದರಿಂದೆಲ್ಲ ಸೇವೆ ತುಂಡಾಗುವುದಿಲ್ಲ. ಇನ್ನು ನಡುವೆ ಖಾಲಿ ಬಿಟ್ಟಿತ್ತು ಎಂದು ಯಾರಾದರೂ ವಾದಿಸಿದರೂ ಇನ್ನೊಂದು ದಾರಿ ಇದೆ. 12 ತಿಂಗಳಲ್ಲಿ 240 ದಿನ ಕೆಲಸ ಮಾಡಿದ್ದರೆ ಅದನ್ನು ಪೂರ್ತಿ ಒಂದು ವರ್ಷ ಎಂದೇ ಹಿಡಿಯಬೇಕು.

ನೀವು ನನ್ನಲ್ಲಿ ಹೇಳಿದ ಮಾತು ನೆನಪಿದೆ. "ಆಗ ಆಟಿಯಲ್ಲಿ ಕೆಲಸವೇ ಇರುತ್ತಿರಲಿಲ್ಲ, ಮನೆಗೆ ಕಳಿಸುತ್ತಿದ್ದೆವು. ಅದನ್ನು ಹೇಗೆ ಸೇವೆ ಎನ್ನುವುದು?" ಹೌದು, ಆಟಿಯಲ್ಲಿ ಮದುವೆ ಇಲ್ಲ, ಕಾಗದ ಇಲ್ಲ. ಎರಡು ವಾರ ಬೈಂಡಿಂಗ್ ಮೇಜು ಖಾಲಿ. ಆದರೆ ಆ ಎರಡು ವಾರ ಬಿಟ್ಟು ಎಣಿಸಿದರೂ 240 ದಾಟುತ್ತದೆ. ಹಾಜರಿ ಪುಸ್ತಕದಿಂದ ನಾನು ಬರೆದಿಟ್ಟುಕೊಂಡ ಟಿಪ್ಪಣಿ ಇದೆ. ಮೊದಲ ವರ್ಷ, ಅಂದರೆ 1998ರ ಜೂನಿನಿಂದ ಮರುವರ್ಷದ ಮೇವರೆಗೆ, 268 ದಿನ.

ಒಂದು ವರ್ಷ ಮಾತ್ರ ಕಡಿಮೆ ಇದೆ. ಅದನ್ನು ಮುಚ್ಚಿಡುವುದಿಲ್ಲ. 2000–01ರಲ್ಲಿ 233 ದಿನ. ಆ ವರ್ಷ ಅವರ ಅಮ್ಮನಿಗೆ ಹುಷಾರಿರಲಿಲ್ಲ, ಹೇಳಿಯೇ ರಜೆ ಹಾಕಿದ್ದರು. ಅದೇ ವರ್ಷ ಹಳೆಯ ಟ್ರೆಡಲ್ ತೆಗೆದು ಆಫ್‌ಸೆಟ್ ಮೆಷಿನ್ ಕೂರಿಸಲು 14 ದಿನ ಪ್ರೆಸ್ಸು ಮುಚ್ಚಿತ್ತು. ಹಾಗೆ ಲೇ ಆಫ್ ಆದ ದಿನಗಳನ್ನೂ ಕಾನೂನು ಕೆಲಸ ಮಾಡಿದ ದಿನಗಳೆಂದೇ ಎಣಿಸುತ್ತದೆ. 233ಕ್ಕೆ 14 ಸೇರಿಸಿ, 247.

ಪುಸ್ತಕ ಎಲ್ಲಿದೆ ಎಂದು ಕೇಳಿದಿರಿ. ಅಟ್ಟದಲ್ಲಿ, ಹಳೆಯ ಅಚ್ಚುಮೊಳೆಗಳ ಪೆಟ್ಟಿಗೆ ಪಕ್ಕ, ಹಸಿರು ಬಣ್ಣದ ಕಬ್ಬಿಣದ ಟ್ರಂಕಿನಲ್ಲಿದೆ. ಗೆದ್ದಲು ಹಿಡಿದಿದ್ದರೆ ಅಕ್ಕನ ಹತ್ತಿರ ಬೋನಸ್ ಚೀಟಿಗಳಿವೆ. 1999ರ ಓಣಂನಿಂದ ಒಂದೂ ತಪ್ಪದೆ, ಒಂದು ಹಳೆಯ ಮದುವೆ ಕಾಗದದ ಕವರಿನಲ್ಲಿ ಇಟ್ಟುಕೊಂಡಿದ್ದಾರೆ. ಮೊದಲ ಚೀಟಿಯಲ್ಲಿ 1998–99ನೇ ಸಾಲಿನ ಬೋನಸ್ ಎಂದು ನನ್ನದೇ ಕೈಬರಹ ಇದೆ. 2004ರಲ್ಲಿ ಸೇರಿದವರಿಗೆ 1999ರಲ್ಲಿ ಬೋನಸ್ ಕೊಡುವವರು ಯಾರೂ ಇಲ್ಲ, ಅಲ್ವಾ?

ಹಾಗಾಗಿ ಸೇವೆ 1 ಜೂನ್ 1998ರಿಂದ 31 ಜನವರಿ 2025ರವರೆಗೆ. 26 ವರ್ಷ 8 ತಿಂಗಳು. ಕೊನೆಯ ತುಂಡು 6 ತಿಂಗಳಿಗಿಂತ ಜಾಸ್ತಿ ಇದ್ದರೆ ಅದನ್ನು ಪೂರ್ತಿ ವರ್ಷ ಎಂದು ಹಿಡಿಯಬೇಕು. 27 ವರ್ಷ. ನಿಮ್ಮ ದಿನಾಂಕವನ್ನೇ ಒಪ್ಪಿದರೂ 20 ವರ್ಷ 10 ತಿಂಗಳು ಆಗುತ್ತದೆ, ಅದು 21. ನಿಮ್ಮ ಹಾಳೆಯಲ್ಲಿ 20 ಹೇಗೆ ಬಂತು ಎಂದು ನನಗೆ ಅರ್ಥವಾಗಲಿಲ್ಲ. ಬಹುಶಃ ಕಂಪ್ಯೂಟರಿಗೆ ದಶಾಂಶದ ನಂತರದ್ದು ಕತ್ತರಿಸಲು ಹೇಳಿದ್ದಾರೆ.

ಈಗ ಸಂಬಳ. ಅಕ್ಕನ ಜನವರಿ ತಿಂಗಳ ಚೀಟಿ ನನ್ನ ಮುಂದಿದೆ. ಮೂಲ ಸಂಬಳ 14,300. ಡಿಎ 5,200. ಮನೆ ಬಾಡಿಗೆ ಭತ್ಯೆ 1,300. ಒಟ್ಟು 20,800. ಗ್ರಾಚ್ಯುಟಿಗೆ ಕೊನೆಯ ಸಂಬಳ ಎಂದರೆ ಮೂಲ ಮತ್ತು ಡಿಎ ಎರಡೂ ಸೇರಿ, 19,500. ಮನೆ ಬಾಡಿಗೆ ಭತ್ಯೆಯನ್ನು ನೀವು ಬಿಟ್ಟದ್ದು ಸರಿ. ಕಾಯ್ದೆಯೇ ಅದನ್ನು ಬಿಡು ಅನ್ನುತ್ತದೆ, ಬೋನಸ್ ಮತ್ತು ಓವರ್‌ಟೈಮನ್ನೂ ಬಿಡು ಅನ್ನುತ್ತದೆ. ಆದರೆ ಡಿಎ ಬಿಡುವ ಹಾಗಿಲ್ಲ.

ಇನ್ನು ಭಾಗಿಸುವ ಸಂಖ್ಯೆ. ನಿಮ್ಮ ಆಡಿಟರ್ 30ರಿಂದ ಭಾಗಿಸಿದ್ದಾರೆ. ತಿಂಗಳ ಸಂಬಳದವರಿಗೆ 26ರಿಂದ ಭಾಗಿಸಬೇಕು. ನಾಲ್ಕು ಭಾನುವಾರ ಬಿಟ್ಟರೆ ತಿಂಗಳಿಗೆ ಕೆಲಸದ ದಿನ 26, ಆ ಒಂದು ದಿನದ ಕೂಲಿ ಎಷ್ಟೋ ಅದರ 15 ಪಟ್ಟು ಒಂದು ವರ್ಷಕ್ಕೆ. ಸುಪ್ರೀಂ ಕೋರ್ಟು ಇದನ್ನು 1980ರಲ್ಲೇ ಹೇಳಿತ್ತು, 1987ರಲ್ಲಿ ಕಾಯ್ದೆಗೇ ಸೇರಿಸಿದರು. ಇದರಲ್ಲಿ ವಾದಿಸಲು ಏನೂ ಉಳಿದಿಲ್ಲ. 30 ಬರುವುದು ಕಾಯ್ದೆಗೆ ಒಳಪಡದ ಸಣ್ಣ ಸಂಸ್ಥೆಗಳ ಆದಾಯ ತೆರಿಗೆ ಲೆಕ್ಕದಲ್ಲಿ. ಆಡಿಟರ್ ಅಲ್ಲಿಂದ ತಂದಿರಬೇಕು ಎಂದು ನನ್ನ ಊಹೆ.

ಹಾಗಾದರೆ ಲೆಕ್ಕ ಹೀಗೆ. 19,500 ಭಾಗಿಸು 26, ದಿನಕ್ಕೆ 750 ರೂಪಾಯಿ. ಅದರ 15 ದಿನ, 11,250. ಅದು 27 ವರ್ಷಕ್ಕೆ, 3,03,750 ರೂಪಾಯಿ. ನೀವು ಕೊಟ್ಟದ್ದು 1,43,000. ಕೊರತೆ 1,60,750.

ಎಲ್ಲಿ ಎಷ್ಟು ಸೋರಿತು ಎಂದೂ ನೋಡಿದೆ. ಹಳೆಯ ಅಭ್ಯಾಸ, ಬಿಡಲಾಗುವುದಿಲ್ಲ. 30ರ ಬದಲು 26 ಹಾಕಿದರೆ 22,000 ಬರುತ್ತದೆ. ಡಿಎ ಸೇರಿಸಿದರೆ ಇನ್ನೂ 60,000. 20 ವರ್ಷವನ್ನು 21 ಮಾಡಿದರೆ 11,250. ಕೊನೆಗೆ ಸೇರಿದ ದಿನಾಂಕ ಸರಿಮಾಡಿದರೆ 67,500. ಎಲ್ಲಕ್ಕಿಂತ ದೊಡ್ಡ ತೂತು ನಾನು ಬರೆದ ಆ ಒಂದು ದಿನಾಂಕದ್ದು.

ರಜೆಯ ಹಣದ ವಿಷಯ ಬೇರೆ. ಅದಕ್ಕೆ ಗ್ರಾಚ್ಯುಟಿ ಕಾಯ್ದೆ ಬರುವುದಿಲ್ಲ. ನಮ್ಮ ಪ್ರೆಸ್ಸು ಕರೆಂಟಿನಲ್ಲಿ ನಡೆಯುತ್ತದೆ, 10ಕ್ಕಿಂತ ಜಾಸ್ತಿ ಜನ ಇದ್ದಾರೆ. ಹಾಗಾಗಿ ಅದು ಅಕ್ಕ ನಿವೃತ್ತರಾದಾಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯಲ್ಲಿ ಬರುತ್ತದೆ. ವರ್ಷದಲ್ಲಿ 240 ದಿನ ಕೆಲಸ ಮಾಡಿದವರಿಗೆ, ಪ್ರತಿ 20 ದಿನಕ್ಕೆ ಒಂದು ದಿನದಂತೆ ಮುಂದಿನ ವರ್ಷ ಸಂಬಳ ಸಹಿತ ರಜೆ.

"ರಜೆ 30ಕ್ಕಿಂತ ಜಾಸ್ತಿ ಇರುವ ಹಾಗಿಲ್ಲ" ಎಂದು ನಿಮ್ಮ ಹಾಳೆ ಹೇಳುತ್ತದೆ. ಇಲ್ಲಿ ಸುಮಾರು ಜನ ಎಡವುತ್ತಾರೆ. 30ರ ಮಿತಿ ಇರುವುದು ಹಳೆಯ ವರ್ಷದಿಂದ ಹೊಸ ವರ್ಷಕ್ಕೆ ದಾಟಿಸುವ ರಜೆಗೆ. ಹೊಸ ವರ್ಷದಲ್ಲಿ ಸಿಗುವ ರಜೆ ಅದರ ಮೇಲೆ ಸೇರುತ್ತದೆ. ಅಕ್ಕನ ರಜೆ ಪುಸ್ತಕದಲ್ಲಿ 2024ರ ಕೊನೆಗೆ ದಾಟಿಸಿದ್ದು 30. 2024ರಲ್ಲಿ ಅವರು 280 ದಿನ ಕೆಲಸ ಮಾಡಿದ್ದಾರೆ, ಅದಕ್ಕೆ 2025ರಲ್ಲಿ ಸಿಗುವುದು 14. ಜನವರಿಯಲ್ಲಿ 26 ದಿನ ಕೆಲಸ ಮಾಡಿದರು. ನಿವೃತ್ತಿಯಾದರೆ ಆ ವರ್ಷ ಪೂರ್ತಿ ಆಗದಿದ್ದರೂ ಅದೇ ದರದಲ್ಲಿ ರಜೆ ಎಣಿಸಬೇಕು. 26ನ್ನು 20ರಿಂದ ಭಾಗಿಸಿದರೆ ಒಂದು ಮತ್ತು ಸ್ವಲ್ಪ. ಅರ್ಧಕ್ಕಿಂತ ಕಡಿಮೆ ತುಂಡನ್ನು ಬಿಡಬೇಕು. ಒಂದೇ ದಿನ. ಒಟ್ಟು 45.

ದರದಲ್ಲೂ ವ್ಯತ್ಯಾಸ ಇದೆ. ಗ್ರಾಚ್ಯುಟಿಯ ಸಂಬಳ ಬೇರೆ, ರಜೆಯ ಸಂಬಳ ಬೇರೆ. ರಜೆಗೆ ಹಿಂದಿನ ತಿಂಗಳಲ್ಲಿ ಕೆಲಸ ಮಾಡಿದ ದಿನಗಳ ಪೂರ್ತಿ ಗಳಿಕೆಯ ಸರಾಸರಿ ಹಿಡಿಯಬೇಕು. ಬಿಡುವುದು ಓವರ್‌ಟೈಮ್ ಮತ್ತು ಬೋನಸ್ ಎರಡನ್ನೇ. ಹಾಗಾಗಿ ಗ್ರಾಚ್ಯುಟಿಯಲ್ಲಿ ಬಿಟ್ಟ ಮನೆ ಬಾಡಿಗೆ ಭತ್ಯೆ ಇಲ್ಲಿ ಒಳಗೆ ಬರುತ್ತದೆ. 20,800 ಭಾಗಿಸು 26, ದಿನಕ್ಕೆ 800. 45 ದಿನಕ್ಕೆ 36,000. ನೀವು ಕೊಟ್ಟದ್ದು 14,300. ಕೊರತೆ 21,700. ನಿವೃತ್ತಿಯಾದವರಿಗೆ ಈ ಹಣ ಎರಡು ತಿಂಗಳೊಳಗೆ ಕೊಡಬೇಕಿತ್ತು.

ಎರಡೂ ಸೇರಿ ಬಾಕಿ 1,82,450 ರೂಪಾಯಿ. ಅಕ್ಕನ ಮನೆಯ ಹಂಚು ಈ ಮಳೆಗಾಲ ಎರಡು ಕಡೆ ಸೋರುತ್ತಿದೆ. ಅದನ್ನು ಕರುಣೆಗಾಗಿ ಹೇಳುತ್ತಿಲ್ಲ. ಅವರು ನಿಮ್ಮಲ್ಲಿ ಸಾಲ ಕೇಳಲು ಬಂದಿದ್ದರಂತೆ, ನೀವು 10,000 ಕೊಡುತ್ತೇನೆ ಅಂದಿರಂತೆ. ಒಳ್ಳೆಯ ಮನಸ್ಸಿನಿಂದಲೇ ಅಂದಿರಿ ಎಂದು ನಂಬುತ್ತೇನೆ. ಆದರೆ ಅವರದೇ ಹಣ ನಿಮ್ಮ ಹತ್ತಿರ ಇರುವಾಗ ಸಾಲ ಯಾಕೆ?

ಬಡ್ಡಿಯ ಮಾತೂ ಇದೆ. ನಿವೃತ್ತಿಯಾಗಿ 30 ದಿನದೊಳಗೆ ಗ್ರಾಚ್ಯುಟಿ ಕೊಡಬೇಕು. ಕೊಡದಿದ್ದರೆ ವರ್ಷಕ್ಕೆ ನೂರಕ್ಕೆ 10ರಂತೆ ಸರಳ ಬಡ್ಡಿ. 1,60,750ಕ್ಕೆ ತಿಂಗಳಿಗೆ ಸುಮಾರು 1,340 ರೂಪಾಯಿ. ಇವತ್ತಿಗೆ ಆರು ತಿಂಗಳು, 8,000 ದಾಟಿತು. ನೌಕರರು ಅರ್ಜಿ ಹಾಕಿರಲಿಲ್ಲ ಎಂಬ ಕಾರಣ ನಡೆಯುವುದಿಲ್ಲ. ಅರ್ಜಿ ಬರಲಿ ಬಿಡಲಿ, ಎಷ್ಟು ಕೊಡಬೇಕೆಂದು ಲೆಕ್ಕ ಹಾಕಿ ಅವರಿಗೂ ಕಾರ್ಮಿಕ ಇಲಾಖೆಯ ನಿಯಂತ್ರಣ ಅಧಿಕಾರಿಗೂ ಬರೆದು ತಿಳಿಸುವುದು ಮಾಲೀಕರ ಕೆಲಸ.

ಇನ್ನು ಆ ಸೈನ್. ಕಾಯ್ದೆಗಿಂತ ಕಡಿಮೆಗೆ ಒಪ್ಪಿದ ಯಾವ ಕಾಗದವೂ ಕಾಯ್ದೆಯ ಮುಂದೆ ನಿಲ್ಲುವುದಿಲ್ಲ. 14ನೇ ಕಲಮು ಅದನ್ನೇ ಹೇಳುತ್ತದೆ. ಅಕ್ಕ ಓದಿ ಸೈನ್ ಹಾಕಿದ್ದರೂ ನಿಲ್ಲುತ್ತಿರಲಿಲ್ಲ. ಓದದೆ ಹಾಕಿದ ಸೈನಿಗೆ ಎಷ್ಟು ಬೆಲೆ?

ಧಣಿಗಳೇ, ನಾನು ಕೇಳುವುದು ಇಷ್ಟು. ಅಕ್ಕನ ಲೆಕ್ಕವನ್ನು 1 ಜೂನ್ 1998ರಿಂದ ಮತ್ತೆ ಹಾಕಿಸಿ. ಬಾಕಿ ಮತ್ತು ಗ್ರಾಚ್ಯುಟಿಯ ಬಡ್ಡಿ ಕೊಡಿ. ಹೊಸ ಹಾಳೆ ಕನ್ನಡದಲ್ಲಿರಲಿ. ಅಚ್ಚು ಹಾಕಲು ನಿಮಗೆ ಬೇರೆ ಕಡೆ ಹೋಗಬೇಕಾಗಿಲ್ಲ.

ಎರಡನೆಯದು ಅಕ್ಕನ ಬಗ್ಗೆ ಅಲ್ಲ. 2004ರಲ್ಲಿ ನಾನು ಒಂದೇ ದಿನಾಂಕ ಬರೆದ ಐದು ಜನರಲ್ಲಿ ಉಳಿದ ನಾಲ್ವರು ಇನ್ನೂ ನಿಮ್ಮಲ್ಲೇ ಕೆಲಸ ಮಾಡುತ್ತಿದ್ದಾರೆ. ಇಬ್ಬರು ಕಟಿಂಗ್ ಮೆಷಿನಿನಲ್ಲಿ, ಒಬ್ಬರು ಬೈಂಡಿಂಗಿನಲ್ಲಿ, ಒಬ್ಬರು ಪ್ಲೇಟಿನಲ್ಲಿ. ಅವರೆಲ್ಲ ಸೇರಿದ್ದು 1996 ಮತ್ತು 2001ರ ನಡುವೆ. ಅವರ ನಿವೃತ್ತಿ ಬರುವ ಮೊದಲೇ ದಿನಾಂಕ ಸರಿಮಾಡಿ. ಬೇಕಾದರೆ ನಾನು ಒಂದು ದಿನ ಬಂದು ಟ್ರಂಕಿನ ಪುಸ್ತಕಗಳಿಂದ ತೆಗೆದುಕೊಡುತ್ತೇನೆ. ಕೂಲಿ ಬೇಡ, ಚಾ ಸಾಕು. ಯಾವ ದಿನಾಂಕ ಯಾಕೆ ತಪ್ಪಾಯಿತು ಎಂದು ನನ್ನ ಹೆಸರಿನಲ್ಲೇ ಬರೆದು ಸೈನ್ ಹಾಕಿಕೊಡುತ್ತೇನೆ. ಹಿಂದೆಯೇ ಮಾಡಬೇಕಿದ್ದ ಕೆಲಸ ಅದು.

ಮೂರನೆಯದು ಪ್ರೆಸ್ಸಿನ ಬಾಗಿಲಿನದ್ದು. ಗ್ರಾಚ್ಯುಟಿ ನಿಯಮದ ಪ್ರಕಾರ ಕಾಯ್ದೆಯ ಸಾರಾಂಶವನ್ನು, ಯು ಫಾರ್ಮ್ ಅನ್ನುತ್ತಾರೆ, ಮುಖ್ಯ ಬಾಗಿಲ ಹತ್ತಿರ ಎಲ್ಲರಿಗೂ ಕಾಣುವಂತೆ ಹಾಕಬೇಕು. ಇಂಗ್ಲಿಷಿನಲ್ಲಿ, ಮತ್ತು ಹೆಚ್ಚಿನ ನೌಕರರಿಗೆ ಅರ್ಥವಾಗುವ ಭಾಷೆಯಲ್ಲಿ. ನಮ್ಮಲ್ಲಿ 18 ಜನರಿದ್ದಾರೆ, 13 ಜನ ಓದುವುದು ಕನ್ನಡ. ನಾನಿದ್ದಾಗ ಬಾಗಿಲಲ್ಲಿ ಇಂಗ್ಲಿಷಿನ ಒಂದು ಹಳದಿ ಹಾಳೆ ಇತ್ತು, ಅದರ ಮೇಲೆ ಯಾರೋ ಕ್ಯಾಲೆಂಡರ್ ನೇತುಹಾಕಿದ್ದರು. ಅದನ್ನು ತೆಗೆಸಲು ನಾನೂ ಹೋಗಲಿಲ್ಲ.

ಆಗಸ್ಟ್ 20ರವರೆಗೆ ಕಾಯುತ್ತೇವೆ. ಅಷ್ಟರೊಳಗೆ ನಿಮ್ಮಿಂದ ಏನೂ ಬಾರದಿದ್ದರೆ ಅಕ್ಕ ಎನ್ ಫಾರ್ಮಿನಲ್ಲಿ ನಿಯಂತ್ರಣ ಅಧಿಕಾರಿಗೆ ಅರ್ಜಿ ಕೊಡುತ್ತಾರೆ. ಅದಕ್ಕೆ 90 ದಿನದ ಅವಧಿ ಇದೆ. ಅದು ಕಳೆದಿದೆ ಎಂದು ನಿಮ್ಮ ವಕೀಲರು ಹೇಳಬಹುದು. ಸರಿಯಾದ ಕಾರಣ ಇದ್ದರೆ ತಡವಾದ ಅರ್ಜಿಯನ್ನೂ ತೆಗೆದುಕೊಳ್ಳಲು ಅಧಿಕಾರಿಗೆ ಅವಕಾಶ ಇದೆ. ಓದಲು ಬಾರದ ಹಾಳೆ ಕೊಟ್ಟದ್ದೇ ನಮ್ಮ ಕಾರಣ. ಆದೇಶವಾದ ಮೇಲೂ ಹಣ ಬಾರದಿದ್ದರೆ ಜಿಲ್ಲಾಧಿಕಾರಿಯವರು ಭೂಕಂದಾಯದ ಬಾಕಿಯಂತೆ ವಸೂಲಿ ಮಾಡುತ್ತಾರೆ. ರಜೆಯ ಹಣದ ದೂರು ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಕಚೇರಿಗೆ ಬೇರೆಯೇ ಹೋಗುತ್ತದೆ.

ಅಲ್ಲಿಯವರೆಗೆ ಹೋಗುವುದು ನನಗೆ ಇಷ್ಟವಿಲ್ಲ. ನಿಮ್ಮ ತಂದೆಯವರ ಅನ್ನ ಉಂಡವನು ನಾನು. ಆದರೆ ವಿಚಾರಣೆಗೆ ಕರೆದರೆ ಹಸಿರು ಟ್ರಂಕು ಎಲ್ಲಿದೆ ಎಂದು ಹೇಳಬೇಕಾದವನೂ ನಾನೇ. ಎಫ್ ಫಾರ್ಮಿನಲ್ಲಿ ಆ ದಿನಾಂಕ ಬರೆದವನು ಯಾರು ಎಂದು ಕೇಳಿದರೂ ಹೇಳುತ್ತೇನೆ.

ಅಕ್ಕನ ಬೋನಸ್ ಚೀಟಿಗಳ ಮತ್ತು ಜನವರಿ ಸಂಬಳದ ಚೀಟಿಯ ನಕಲು ಇದರ ಜೊತೆಗಿದೆ. ಅಸಲು ಅವರ ಹತ್ತಿರವೇ ಇರುತ್ತದೆ.

ಇಂತಿ,
ನಿಮ್ಮ ಪ್ರೆಸ್ಸಿನ ಹಳೆಯ ರೈಟರ್